ಹಿಂದಿನ ಗೇಟಿನ ಮಾರಮ್ಮ

ಬನಶಂಕರಿ ಕಡೆಯ ಆ ಆಸ್ಪತ್ರೆಗೆ ಎರಡು ಗೇಟು. ಮುಂದಿನ ಗೇಟು ರೋಗಿಗಳಿಗೆ, ಡಾಕ್ಟರುಗಳಿಗೆ, ಆಸ್ಪತ್ರೆಯ ಸ್ವಂತ ನೌಕರರಿಗೆ. ಹಿಂದಿನದು ಸಿಲಿಂಡರ್ ಗಾಡಿಗೆ, ಕಸದ ಗಾಡಿಗೆ, ಹೆಣ ಸಾಗಿಸುವ ವ್ಯಾನಿಗೆ, ಆಮೇಲೆ ಗುತ್ತಿಗೆಗೆ ಆಳು ಒದಗಿಸುವ ಏಜೆನ್ಸಿ ಕಡೆಯವರಿಗೆ. ಹೊಸಕೆರೆಹಳ್ಳಿಯ ಮಾರಮ್ಮ ಹನ್ನೊಂದು ವರ್ಷ ಹಿಂದಿನ ಗೇಟಿನಲ್ಲೇ ಒಳಗೆ ಹೋಗಿ ಹಿಂದಿನ ಗೇಟಿನಲ್ಲೇ ಹೊರಗೆ ಬಂದವಳು. ಕೆಲಸ ಬೇಸ್‌ಮೆಂಟಿನ ಲಾಂಡ್ರಿಯಲ್ಲಿ. ವಾರ್ಡಿನಿಂದ ಇಳಿದು ಬಂದ ಬೆಡ್‌ಶೀಟುಗಳನ್ನು ಒಗೆಯುವುದಕ್ಕೆ ಮೆಷಿನ್ನಿದೆ, ಒಣಗಿಸುವುದಕ್ಕೂ ಇದೆ; ಮಡಚುವುದಕ್ಕೆ ಮಾತ್ರ ಹೆಂಗಸರ ಕೈಯೇ ಆಗಬೇಕು.

ಮಡಚುವುದರಲ್ಲಿ ಒಬ್ಬೊಬ್ಬಳದು ಒಂದೊಂದು ಕೈ. ಮಾರಮ್ಮ ಕೊನೆಯ ಮಡಿಕೆಯಾದ ಮೇಲೆ ಒಂದು ಮೂಲೆಯನ್ನು ಎಳೆದು ಒಳಕ್ಕೆ ಸಿಕ್ಕಿಸುವಳು, ಎಲೆ ಅಡಿಕೆ ಸುರುಳಿಗೆ ತುದಿ ಸಿಕ್ಕಿಸಿದ ಹಾಗೆ. ಅದು ಅವಳ ತಾಯಿಯ ಕೈ. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಗುಡ್ಡೆ ಹಾಕಿದ ಶೀಟುಗಳಲ್ಲಿ ಅವಳದು ಯಾವುದು ಅಂತ ಕಣ್ಣು ಮುಚ್ಚಿ ಸವರಿ ಹೇಳಬಹುದಾಗಿತ್ತು.

ಆ ಲಾಂಡ್ರಿಯಲ್ಲಿ ಇನ್ನೊಂದು ನಡಾವಳಿ ಇತ್ತು. ಯಾರಾದರೂ ಕೆಲಸ ಬಿಟ್ಟು ಹೊರಟರೆ, ಕೊನೆಯ ದಿನ ಅವಳ ಎದುರಿಗೆ ಜೊತೆಯವಳೊಬ್ಬಳು ನಿಂತು ಇಬ್ಬರೂ ಒಂದು ಶೀಟು ಮಡಚುತ್ತಿದ್ದರು. ಕೊನೆಯಲ್ಲಿ ಹೊರಡುವವಳು ತನ್ನ ಕೈಲಿರುವ ಮೂಲೆಯನ್ನು ಎದುರಿನವಳ ಕೈಗಿಟ್ಟು, ನನ್ನ ಪಾಲು ಮುಗೀತು ಅನ್ನಬೇಕು. ಇವಳು ತೆಗೆದುಕೊಂಡು, ಮುಗೀತು, ಹೋಗಿ ಬಾ ಅನ್ನಬೇಕು. ಹಾಗೆ ಮಾಡದೆ ಹೋದವಳ ಕೈ ಇಲ್ಲೇ ಉಳಿದುಬಿಡುತ್ತದೆ ಅಂತ ಹಿಂದಿನವರು ಹೇಳುತ್ತಿದ್ದರು. ಯಾರು ಶುರು ಮಾಡಿದರೋ ಏನೋ. ಹೆಂಗಸರು ನಗುನಗುತ್ತಲೇ ಮಾಡುತ್ತಿದ್ದರು, ಆದರೆ ಯಾರಿಗೂ ತಪ್ಪಿಸುತ್ತಿರಲಿಲ್ಲ.

ಮಾರಮ್ಮನಿಗೆ ತಪ್ಪಿತು. ಯಾಕೆಂದರೆ ಅವಳು ಎಲ್ಲಿಗೂ ಹೋಗಲಿಲ್ಲ. ಮೇಲಿನ ಮಹಡಿಗೆ ಹೋದಳು, ಅಷ್ಟೇ.

ಆದದ್ದು ಹೀಗೆ. ಆ ವರ್ಷ ಆಸ್ಪತ್ರೆಯವರು, ವರ್ಷವಿಡೀ ನಡೆಯುವ ಕೆಲಸಕ್ಕೆ ಏಜೆನ್ಸಿ ಆಳನ್ನೇ ಎಷ್ಟು ದಿನ ಇಟ್ಟುಕೊಳ್ಳುವುದು ಅಂತ ಹಳಬರಲ್ಲಿ ಕೆಲವರನ್ನು ತಮ್ಮ ನೇರ ನೌಕರಿಗೆ ತೆಗೆದುಕೊಳ್ಳಲು ಮನಸ್ಸು ಮಾಡಿದರು. ಲಾಂಡ್ರಿಯಿಂದ ಮಾರಮ್ಮನ ಹೆಸರು ಬಂತು. ಎಚ್ಆರ್ ಕೋಣೆಯಲ್ಲಿ ಸಮನ್ವಿತಾ ಅನ್ನುವ ಜಯನಗರದ ಹುಡುಗಿ, ಮಾತು ಮೆದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಏಜೆನ್ಸಿಗೆ ರಾಜೀನಾಮೆ ಕೊಡಬೇಕು. ಇಲ್ಲಿ ಹೊಸದಾಗಿ ಸೇರಿದ ಹಾಗೆ. ಮೊದಲ ಆರು ತಿಂಗಳು ಪ್ರೊಬೇಷನ್, ಕೆಲಸ ನೋಡಿ ಆಮೇಲೆ ಕಾಯಂ. ಪಿಎಫ್ ನಂಬರು ಹಳೆಯದೇ ಮುಂದುವರಿಯುತ್ತೆ, ಇಎಸ್ಐ ಕಾರ್ಡೂ ಅದೇ. ಸಂಬಳ ಆಸ್ಪತ್ರೆಯ ಖಾತೆಯಿಂದಲೇ ಬರುತ್ತೆ, ಚೀಟಿ ಸಮೇತ. ರಜಕ್ಕೆ ಸಂಬಳ ಉಂಟು, ವರ್ಷಕ್ಕೊಮ್ಮೆ ಏರಿಕೆ ಉಂಟು, ದೀಪಾವಳಿಗೆ ಬೋನಸ್ಸು ಬೇರೆಯಾಗಿ. ಏಜೆನ್ಸಿಯಲ್ಲಿ ಬೋನಸ್ಸನ್ನು ತಿಂಗಳ ಸಂಬಳದಲ್ಲೇ ಸೇರಿಸಿದ್ದೇವೆ ಅಂತ ಅಂದು ಮುಗಿಸುತ್ತಿದ್ದರು. ಜ್ವರ ಬಂದು ಒಂದು ದಿನ ಮಲಗಿದರೆ ಆ ದಿನದ ಕೂಲಿ ಹೋಯಿತು.

ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇದಕ್ಕೆ ಮೊದಲು ತಾನು ಈ ಆಸ್ಪತ್ರೆಯಲ್ಲಿ ಯಾವ ನೌಕರಿಯನ್ನೂ ಮಾಡಿಲ್ಲ, ಹಿಂದಿನ ಯಾವ ಹಕ್ಕನ್ನೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಸಮನ್ವಿತಾ ಓದಿ ಹೇಳಿದಳು, ಮರೆಮಾಚಲಿಲ್ಲ. ಮಾರಮ್ಮ ಒಂದು ಗಳಿಗೆ ಪೆನ್ನು ಹಿಡಿದು ಕೂತಳು. ಕೆಳಗೆ ಡ್ರೈಯರು ತಿರುಗುವ ಸದ್ದು ನೆಲದ ಮೂಲಕ ಕಾಲಿಗೆ ಕೇಳುತ್ತಿತ್ತು. ಆಮೇಲೆ ಸಹಿ ಹಾಕಿದಳು. ಯಾರಾದರೂ ಹಾಕುತ್ತಿದ್ದರು.

ಕುತ್ತಿಗೆಯಲ್ಲಿದ್ದ ಏಜೆನ್ಸಿಯ ಹಸಿರು ದಾರದ ಕಾರ್ಡನ್ನು ಸೂಪರ್‌ವೈಸರ್ ಯುವರಾಜನ ಕೈಗೆ ಕೊಟ್ಟು, ಆಸ್ಪತ್ರೆಯ ನೀಲಿ ದಾರದ್ದು ಹಾಕಿಕೊಂಡಳು. ಲಾಂಡ್ರಿಯಲ್ಲಿ ಜೊತೆಗಾತಿ ಸುಧಾಮಣಿ ತೆಂಗಿನಕಾಯಿ ಬರ್ಫಿ ಹಂಚಿದಳು. ಕೊನೆ ಶೀಟು ಮಡಚೋಣ್ವೇನೆ ಅಂತ ಯಾರೋ ಅಂದದ್ದಕ್ಕೆ ಸುಧಾಮಣಿಯೇ, ಇವಳೇನು ಊರು ಬಿಟ್ಟು ಹೋಗ್ತಾಳಾ, ಲಿಫ್ಟಲ್ಲಿ ಹೋಗ್ತಾಳೆ, ಶುಭ ಕಾರ್ಯದಲ್ಲಿ ಅದ್ಯಾಕೆ ಅಂದಳು. ಎಲ್ಲರೂ ನಕ್ಕರು.

ಮಾರನೆಯ ದಿನದಿಂದ ಮಾರಮ್ಮನ ಕೆಲಸ ಎರಡನೇ ಮಹಡಿಯ ಲಿನನ್ ಸ್ಟೋರಿನಲ್ಲಿ. ಕೆಳಗಿಂದ ಬಂದ ಶೀಟುಗಳನ್ನು ವಾರ್ಡುಗಳಿಗೆ ಕೊಡುವುದು. ಲಾಂಡ್ರಿಯವರು ಬೆಳಿಗ್ಗೆ ಆರಕ್ಕೇ ಬರಬೇಕು, ಇವಳು ಎಂಟಕ್ಕೆ ಬಂದರಾಯಿತು. ಹೊಸಕೆರೆಹಳ್ಳಿಯಲ್ಲಿ ಬಸ್ಸು ಹತ್ತಿ, ಕಂಡಕ್ಟರ್ ಹರಿದುಕೊಡುವ ಹೆಂಗಸರ ಫ್ರೀ ಟಿಕೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಿಸಿಲು ಬಿದ್ದ ಮೇಲೆ ಕೆಲಸಕ್ಕೆ ಹೋಗುವ ಸುಖವೇ ಅವಳಿಗೆ ಹೊಸದು. ಮುಂದಿನ ಗೇಟಿನ ಹಾಜರಿ ಮೆಷಿನ್ನಿಗೆ ಮುಖ ತೋರಿಸಿದರೆ ಹಸಿರು ದೀಪ ಬಂದು ಹೆಸರು ಮೂಡುತ್ತಿತ್ತು. ಬ್ಲೀಚಿಂಗ್ ನೀರಿಗೆ ಬೆಳ್ಳಗಾಗಿ ಬಿರುಕುಬಿಟ್ಟಿದ್ದ ಬೆರಳುಗಳು ಒಂದು ತಿಂಗಳಲ್ಲಿ ಮತ್ತೆ ಚರ್ಮದ ಬಣ್ಣಕ್ಕೆ ಬಂದವು.

ಆದರೆ ಒಂದು ವಿಚಿತ್ರ. ಕೆಳಗಿಂದ ಟ್ರಾಲಿಯಲ್ಲಿ ಬರುವ ಶೀಟುಗಳಲ್ಲಿ ಸುಮಾರು ಶೀಟುಗಳಿಗೆ ಮೂಲೆ ಒಳಕ್ಕೆ ಸಿಕ್ಕಿಸಿರುತ್ತಿತ್ತು.

ಮೊದಲು ಮಾರಮ್ಮ, ಯಾರೋ ನನ್ನ ನೋಡಿ ಕಲಿತಿರಬೇಕು ಅಂದುಕೊಂಡಳು. ಹೆಮ್ಮೆಯೂ ಆಯಿತು. ಬಿಡಿಸಿ ನೋಡಿದರೆ ಸಿಕ್ಕಿಸಿದ ಮೂಲೆ ಇನ್ನೂ ಬೆಚ್ಚಗೆ, ಮಿಕ್ಕ ಬಟ್ಟೆ ತಣ್ಣಗೆ. ಈಗಷ್ಟೇ ಯಾರೋ ಬೆರಳು ತೆಗೆದ ಹಾಗೆ.

ತಿಂಗಳ ಕೊನೆಗೆ ಆಸ್ಪತ್ರೆಯ ಸಂಬಳ ಬಂತು. ಒಂದು ವಾರ ಕಳೆದ ಮೇಲೆ ಏಜೆನ್ಸಿಯದೂ ಬಂತು. ಮಗಳು ಕಲ್ಯಾಣಿ ಫೋನು ನೋಡಿ ಹೇಳಿದಾಗ, ಹಳೇ ಲೆಕ್ಕ ಚುಕ್ತಾ ಮಾಡಿರ್ತಾರೆ ಬಿಡು ಅಂದಳು ಮಾರಮ್ಮ. ಮುಂದಿನ ತಿಂಗಳೂ ಬಂತು. ಪಿಎಫ್‌ನ ಮೆಸೇಜೂ ಎರಡು, ಆಸ್ಪತ್ರೆ ಕಟ್ಟಿದ್ದೊಂದು, ಏಜೆನ್ಸಿ ಕಟ್ಟಿದ್ದೊಂದು. ಕಲ್ಯಾಣಿ ಟೈಲರಿಂಗ್ ಮಾಡುವವಳು, ಲೆಕ್ಕದಲ್ಲಿ ಗಟ್ಟಿ. ಅಮ್ಮಾ, ಇದು ಚುಕ್ತಾ ಅಲ್ಲ, ತುಂಬಿದ ತಿಂಗಳ ಸಂಬಳ, ಒಂದು ದಿನಾನೂ ಕಟ್ ಆಗಿಲ್ಲ ಅಂದಳು. ಆ ದುಡ್ಡು ಮುಟ್ಟಬೇಡ ಅಂದಳು ಮಾರಮ್ಮ. ಹೇಳಿದರೆ ಯಾರು ಏನನ್ನುತ್ತಾರೋ ಅಂತ ಯಾರಿಗೂ ಹೇಳಲಿಲ್ಲ.

ಆ ವಾರ ಕ್ಯಾಂಟೀನಿನ ಹತ್ತಿರ ಸುಧಾಮಣಿ ಸಿಕ್ಕಿದಳು. ಮುಖ ಊದಿಸಿಕೊಂಡು ಹೋಗುತ್ತಿದ್ದಳು. ಮಾರಮ್ಮನೇ ಕೈ ಹಿಡಿದು ನಿಲ್ಲಿಸಿದಳು.

"ಈಗೇನ್ ಮಾತಾಡ್ಸೋದು, ಬಿಡೆ" ಅಂದಳು ಸುಧಾಮಣಿ. "ಬೆಳಿಗ್ಗೆ ಎಲ್ಲಾ ಎದುರಿಗೇ ನಿಂತಿರ್ತೀಯ, ಒಂದು ಮಾತಿಲ್ಲ ಕತೆ ಇಲ್ಲ. ಪರ್ಮನೆಂಟ್ ಆದ್ಮೇಲೆ ನಾಲಿಗೆಗೂ ಬೀಗ ಹಾಕ್ಸಿದ್ರಾ?"

"ಯಾವ ಬೆಳಿಗ್ಗೆ?"

"ಎಲ್ಲಾ ಬೆಳಿಗ್ಗೆ. ಅರ್ಧ ದಿನ ಕೆಳಗೆ ದುಡಿಸ್ಕೊಂಡು ಆಮೇಲೆ ಮೇಲಕ್ಕೆ ಕರ್ಸ್ಕೋತಾರೆ ಅಂತ ನಾವು ಅಂದ್ಕೊಂಡ್ವಿ. ನಿನ್ನೆ ನಾನು ಕೈ ಸುಟ್ಕೊಂಡಾಗ್ಲೂ ನೋಡ್ತಾ ನಿಂತಿದ್ಯಲ್ಲೇ. ಅಷ್ಟು ಕಲ್ಲಾ ನೀನು?"

ಸುಧಾಮಣಿಯ ಕೈಮೇಲೆ ಇಸ್ತ್ರಿ ಮೆಷಿನ್ನಿನ ಬೊಬ್ಬೆ ಇತ್ತು. ಮಾರಮ್ಮನ ಕಾಲಿನ ಕೆಳಗೆ ಡ್ರೈಯರು ತಿರುಗುವುದು ಮತ್ತೆ ಕೇಳಿಸಿತು.

ಏಜೆನ್ಸಿಯವರು ತಿಂಗಳು ತಿಂಗಳೂ ಆಸ್ಪತ್ರೆಗೆ ಬಿಲ್ಲು ಕೊಡುವಾಗ ಯಾರು ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಪಿಎಫ್ ಕಟ್ಟಿದೆವು ಅಂತ ಪುರಾವೆ ಲಗತ್ತಿಸಬೇಕು. ಮೂರನೇ ತಿಂಗಳ ಬಿಲ್ಲು ನೋಡುವಾಗ ಸಮನ್ವಿತಾಳ ಕಣ್ಣಿಗೆ ಬಿತ್ತು: ಒಂದೇ ಪಿಎಫ್ ನಂಬರು ಎರಡು ಕಡೆ. ಮಾರಮ್ಮನನ್ನು ಕರೆಸಿ, ಬಾಗಿಲು ಹಾಕಿ, ಕಂಪ್ಯೂಟರಿನಲ್ಲಿ ಹಿಂದಿನ ಗೇಟಿನ ಕ್ಯಾಮೆರಾ ತೋರಿಸಿದಳು.

ಬೆಳಗಿನ ಜಾವದ ಬೆಳಕು. ಹೆಂಗಸರು ಒಬ್ಬೊಬ್ಬರಾಗಿ ಮೆಷಿನ್ನಿಗೆ ಮುಖ ತೋರಿಸಿ ಒಳಗೆ ಹೋಗುತ್ತಿದ್ದಾರೆ. ಎಲ್ಲರಿಗಿಂತ ಹಿಂದೆ ಮಾರಮ್ಮ. ಹಸಿರು ದಾರ, ಹಳೇ ನೇರಳೆ ಸೀರೆ, ಅದರ ಮೇಲೆ ಏಜೆನ್ಸಿ ಕೋಟು. ಆ ನೇರಳೆ ಸೀರೆಯನ್ನು ಮಾರಮ್ಮ ಯುಗಾದಿಗೆ ಮೊದಲೇ ಹರಿದು ಒರೆಸುವ ಬಟ್ಟೆ ಮಾಡಿದ್ದಳು.

ಮೇಡಂ, ನಾನು ಆ ಹೊತ್ತಲ್ಲಿ ಮನೇಲಿ ಒಲೆ ಮುಂದೆ ಇರ್ತೀನಿ ಅಂದಳು ಮಾರಮ್ಮ.

ಸಮನ್ವಿತಾ ಇನ್ನೊಂದು ತೋರಿಸಿದಳು. ಅದು ಲಾಂಡ್ರಿಯೊಳಗಿನ ಕ್ಯಾಮೆರಾ. ಹೊಸದಾಗಿ ಸೇರಿದವರಿಗೆಲ್ಲ ಮೇಲೆ ಮೀಟಿಂಗ್ ಹಾಲ್‌ನಲ್ಲಿ ತರಬೇತಿ ನಡೆದ ದಿನ ಅದು. ಅವತ್ತು ಸಮನ್ವಿತಾಳೇ ಮಾರಮ್ಮನ ಪಕ್ಕದಲ್ಲಿ ಕೂತು ಊಟ ಮಾಡಿದ್ದಳು. ಅದೇ ಹೊತ್ತಿಗೆ ಕೆಳಗೆ ಮಾರಮ್ಮ ಶೀಟು ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಮೂಲೆ ಎಳೆದು ಒಳಕ್ಕೆ ಸಿಕ್ಕಿಸಿದಳು, ಇನ್ನೊಂದನ್ನು ಎತ್ತಿಕೊಂಡಳು.

"ನೀವು ಸುಳ್ಳು ಹೇಳ್ತಿಲ್ಲ ಅಂತ ನಂಗೆ ಗೊತ್ತು ಮಾರಮ್ಮ" ಅಂದಳು ಸಮನ್ವಿತಾ. "ನಂಗೆ ಭಯ ಆಗ್ತಿರೋದೇ ಅದಕ್ಕೆ."

ಆಮೇಲೆ ಆ ಹುಡುಗಿ ತನ್ನ ಕೆಲಸದ ದನಿಗೆ ಬಂದು ಹೇಳಿದಳು. ದಿನಾ ಒಳಗೆ ಬಂದದ್ದು ಮೆಷಿನ್ನಿನಲ್ಲಿದೆ, ಹೊರಗೆ ಹೋದದ್ದು ಒಂದು ದಿನವೂ ಇಲ್ಲ. ಏಜೆನ್ಸಿಯವರು ಪಿಎಫ್‌ನಲ್ಲಿ ನೀವು ಬಿಟ್ಟ ತಾರೀಖು ಹಾಕಿಲ್ಲ; ಅವರ ಪಾಲಿಗೆ ನೀವು ಇನ್ನೂ ಅವರ ಆಳೇ. ಅದನ್ನು ಹಾಕಿಸಿಕೊಂಡು ಬನ್ನಿ. ಪ್ರೊಬೇಷನ್ ಮುಗಿಯುವ ಹೊತ್ತಿಗೆ ಹೀಗೇ ಇದ್ದರೆ, ಎರಡು ಕಡೆ ಸಂಬಳ ತಗೊಂಡರು ಅಂತ ನಾನು ಬರೆಯಲೇಬೇಕಾಗುತ್ತೆ. ಕ್ಯಾಮೆರಾದಲ್ಲಿ ಕಂಡದ್ದನ್ನು ಬರೆದರೆ ನನ್ನನ್ನೂ ಮನೆಗೆ ಕಳಿಸ್ತಾರೆ.

ಮೊದಲು ಯುವರಾಜನನ್ನು ಕೇಳಿದ್ದಾಯಿತು. ಅವನು ತಾಯಾಣೆ ಹಾಕಿದ. ಅಕ್ಕ, ನಿಮ್ಮ ಮುಖ ಮೆಷಿನ್ನಿಂದ ಅಳಿಸಿದ್ದೆ, ಮಾರನೇ ದಿನ ತಾನಾಗೇ ಇತ್ತು, ಎರಡು ಸಲ ಅಳಿಸ್ದೆ ಅಂದ. ನೀವು ಕೊಟ್ಟ ಕಾರ್ಡು ಡ್ರಾಯರಲ್ಲಿಟ್ಟಿದ್ದೆ ಅಂತ ತೆಗೆದು ನೋಡಿದರೆ ಕಾರ್ಡು ಇರಲಿಲ್ಲ.

ಏಜೆನ್ಸಿಯ ಆಫೀಸು ಕತ್ರಿಗುಪ್ಪೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲೆ. ಮಾಲೀಕ ಕರಿಬಸವಯ್ಯ ವಿಭೂತಿ ಹಚ್ಚಿಕೊಂಡು, ಗಾಜು ಹಾಸಿದ ಮೇಜಿನ ಹಿಂದೆ ಕೂತಿದ್ದರು. ಬಾಮ್ಮ ಪರ್ಮನೆಂಟು ಅಂತ ನಕ್ಕು, ಕಾಫಿ ತರಿಸಿದರು. ಒಳ್ಳೆಯ ಮನುಷ್ಯರೇ, ಮಾತಿನ ಮಟ್ಟಿಗೆ. ಮಾರಮ್ಮ ಬಂದ ವಿಷಯ ಹೇಳಿದಳು.

"ನಾನು ಹೆಂಗಮ್ಮ ನಿನ್ನ ಬಿಟ್ಟೋದ್ಲು ಅಂತ ಬರೀಲಿ" ಅಂದರು ಕರಿಬಸವಯ್ಯ. "ನೀನು ದಿನಾ ಬರ್ತಾ ಇದ್ದೀಯ. ನಮ್ಮಲ್ಲಿ ನಿನ್ನಷ್ಟು ನಿಯತ್ತಿನ ಆಳೇ ಇಲ್ಲ."

ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ವ್ಯವಹಾರಕ್ಕೆ ಬಂದರು. ಬಿಟ್ಟ ತಾರೀಖು ಹಾಕಿದರೆ, ಕೆಲಸ ಬಿಟ್ಟವರಿಗೆ ಕೊಡೋ ಇಡಿಗಂಟು, ಹನ್ನೊಂದು ವರ್ಷದ ಗ್ರಾಚ್ಯುಟಿ ನನ್ನ ತಲೆಗೆ ಬರುತ್ತೆ. ನಾನು ಎಲ್ಲಿಂದ ತರಲಿ, ಆಸ್ಪತ್ರೆಯವರು ಕೊಡೋ ಕಮಿಷನ್ನು ಕರೆಂಟ್ ಬಿಲ್ಲಿಗೆ ಸಾಲದು. ಒಂದು ಕೆಲಸ ಮಾಡು. ನಡುವೆ ಬಿಟ್ಟು ಹೋಗಿದ್ದೆ, ಈಚೆಗೆ ಮೂರು ವರ್ಷದಿಂದ ಮತ್ತೆ ಸೇರಿದ್ದೆ ಅಂತ ಬರೆದು ಸಹಿ ಹಾಕು. ಐದು ವರ್ಷ ತುಂಬದಿದ್ದರೆ ಆ ಬಾಬ್ತೇ ಇಲ್ಲ. ನೀನು ಕೂತಿರೋ ಹಾಗೇ ಕಂಪ್ಯೂಟರಲ್ಲಿ ತಾರೀಖು ಹಾಕಿಸ್ತೀನಿ. ನಿನ್ನ ಹೊಸ ನೌಕರಿ ಉಳಿಯುತ್ತೆ, ನನ್ನ ತಲೆನೋವೂ ಹೋಗುತ್ತೆ.

ಮಾರಮ್ಮನಿಗೆ ಅದು ನ್ಯಾಯ ಅನ್ನಿಸದಿದ್ದರೂ ದಾರಿ ಅನ್ನಿಸಿತು. ನೌಕರಿ ಉಳಿದರೆ ಸಾಕು. ಐವತ್ತು ಹತ್ತಿರ ಬಂತು, ಇನ್ನೊಂದು ಕಡೆ ಯಾರು ಕರೆದು ಕೂರಿಸುತ್ತಾರೆ. ಪೆನ್ನು ಕೈಗೆ ತೆಗೆದುಕೊಂಡಳು. ಕಾಗದದ ಮೇಲೆ ಬಗ್ಗಿದಾಗ ಮೇಜಿನ ಗಾಜಿನಲ್ಲಿ ತನ್ನ ಕೈ ಕಂಡಿತು.

ಗಾಜಿನೊಳಗಿನ ಬೆರಳುಗಳು ಬೆಳ್ಳಗಿದ್ದವು. ನೀರಲ್ಲಿ ನೆನೆದು ಸುಕ್ಕಾಗಿ, ಗೆಣ್ಣಿನ ಹತ್ತಿರ ಬಿರುಕು ಬಿಟ್ಟಿದ್ದವು. ಮೇಲಿನ ಕೈ ಪೆನ್ನು ಹಿಡಿದಿತ್ತು. ಕೆಳಗಿನ ಕೈ ಏನನ್ನೂ ಹಿಡಿದಿರಲಿಲ್ಲ. ಅಂಗೈ ಮೇಲಾಗಿ ಚಾಚಿಕೊಂಡಿತ್ತು.

ಅವಳು ಪೆನ್ನು ಕೆಳಗಿಟ್ಟಳು. ನಾಳೆ ಬರ್ತೀನಿ ಯಜಮಾನ್ರೇ ಅಂತ ಎದ್ದಳು. ಮೆಟ್ಟಿಲು ಇಳಿಯುವಾಗ ಹಿಂದೆ ಇನ್ನೊಂದು ಜೊತೆ ಚಪ್ಪಲಿ ಇಳಿಯುವ ಸದ್ದು. ತಿರುಗಿ ನೋಡಲಿಲ್ಲ. ಪಾತ್ರೆ ಅಂಗಡಿಯ ಮುಂದೆ ನೇತುಹಾಕಿದ್ದ ತಟ್ಟೆಗಳೆಲ್ಲ ಗಾಳಿಯಿಲ್ಲದೆ ಅಲುಗಾಡುತ್ತಿದ್ದವು.

ಅವಳ ಬೀದಿಯಲ್ಲಿ ಬೈಲಪ್ಪ ಅಂತ ಒಬ್ಬರಿದ್ದರು. ಕಾರ್ಖಾನೆಯಲ್ಲಿ ದುಡಿದು, ಯೂನಿಯನ್ ಕೆಲಸ ಮಾಡಿ, ಈಗ ಮನೆಯ ಜಗಲಿಯಲ್ಲಿ ಕೂತು ಪೇಪರ್ ಓದುವವರು. ಮಾರಮ್ಮ ಅವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು, ಗಾಜಿನಲ್ಲಿ ಕಂಡದ್ದನ್ನೂ ಬಿಡಲಿಲ್ಲ. ಬೈಲಪ್ಪ ನಗಲಿಲ್ಲ. ಕಾರ್ಖಾನೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕಂಡಿದ್ದೀನಿ ಅಂದರು, ಏನು ಅಂತ ಹೇಳಲಿಲ್ಲ. ಹಾಗೇ ಕಾನೂನು ಬಿಡಿಸಿದರು. ಒಬ್ಬ ಯಜಮಾನನ ಕೈಕೆಳಗೆ ಐದು ವರ್ಷ ಬಿಡದೆ ದುಡಿದರೆ ಗ್ರಾಚ್ಯುಟಿ ಹಕ್ಕು. ವರ್ಷಕ್ಕೆ ಹದಿನೈದು ದಿನದ ಸಂಬಳದ ಹಾಗೆ, ಕೊನೆಯ ಸಂಬಳದ ಮೇಲೆ. ನಿನ್ನ ಯಜಮಾನ ಆಗ ಏಜೆನ್ಸಿ, ಆದ್ದರಿಂದ ಕೊಡಬೇಕಾದವನು ಅವನೇ. ಅವನು ಕೈ ಎತ್ತಿದರೆ, ಯಾರಿಗೋಸ್ಕರ ದುಡಿದೆಯೋ ಆ ಆಸ್ಪತ್ರೆಯನ್ನು ಕೇಳಬಹುದು. ಅವರು ಕೊಟ್ಟು ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ನೀನು ಹೊಸಬಳು, ಅಲ್ಲಿನ ಐದು ವರ್ಷ ಸೊನ್ನೆಯಿಂದ ಶುರು. ಹಾಗಾಗಿ ಹಿಂದಿನದನ್ನು ಬಿಟ್ಟರೆ ಅದು ಎಲ್ಲಿಗೂ ಸೇರಲ್ಲ. ಅರ್ಜಿ ಕೊಟ್ಟು ತಿಂಗಳೊಳಗೆ ಅವನು ಕೊಡದಿದ್ದರೆ ಲೇಬರ್ ಆಫೀಸಿಗೆ ಹೋಗು.

ಆದ್ರೆ ನಾನು ಬರ್ಕೊಟ್ಟಿದ್ದೀನಲ್ಲ ಅಣ್ಣ, ಹಿಂದಿಂದು ಏನೂ ಇಲ್ಲ ಅಂತ, ಅಂದಳು ಮಾರಮ್ಮ.

"ನೀನು ಬರ್ಕೊಟ್ರೆ ದುಡಿದಿದ್ದು ದುಡಿದಿಲ್ಲ ಆಗುತ್ತೇನಮ್ಮ? ಕಾನೂನು ಆ ಕಾಗದಾನ ಲೆಕ್ಕಕ್ಕಿಡಲ್ಲ. ಆದ್ರೆ ಒಂದು ಹೇಳ್ತೀನಿ ಕೇಳು. ಪ್ರೊಬೇಷನ್‌ನಲ್ಲಿರೋಳು ನೀನು. ಕೆಲಸ ಹಿಡಿಸ್ಲಿಲ್ಲ ಅಂತ ಒಂದು ಸಾಲು ಬರೆದು ಕಳಿಸ್ಬೋದು. ಯೋಚನೆ ಮಾಡಿ ಕೇಳು."

ಮಾರಮ್ಮ ಯೋಚನೆ ಮಾಡಿದಳು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು, ಹಳೆಯ ಅಭ್ಯಾಸದ ಬಸ್ಸು ಹಿಡಿದು, ಹಿಂದಿನ ಗೇಟಿಗೆ ಹೋದಳು. ನೀಲಿ ದಾರ ನೋಡಿ ಕಾವಲಿನವನು ಸುಮ್ಮನೆ ಬಿಟ್ಟ. ಆದರೆ ಅವಳ ಮುಖ ನೋಡಿ, ಈಗ ತಾನೆ ಒಳಗೆ ಹೋದ್ರಲ್ಲ ಅಂದ.

ಲಾಂಡ್ರಿಯಲ್ಲಿ ಬೇರೆ ಹೆಂಗಸರು ಮೆಷಿನ್ನುಗಳ ಕಡೆ ಇದ್ದರು. ಮಡಚುವ ಮೇಜಿನ ಹತ್ತಿರ ಅವಳು ಒಬ್ಬಳೇ ನಿಂತಿದ್ದಳು. ನೇರಳೆ ಸೀರೆ, ಹಸಿರು ದಾರ. ತಾನು ಕನ್ನಡಿಯಲ್ಲಿ ಕಾಣುವ ಹಾಗಲ್ಲ, ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತೇನೋ ಹಾಗೆ: ಎಡ ಭುಜ ಇಳಿದಿತ್ತು, ಸೊಂಟದ ನೋವಿಗೆ ಒಂದು ಕಾಲಿನ ಮೇಲೆ ಭಾರ ಬಿಟ್ಟಿದ್ದಳು. ಮಾರಮ್ಮನಿಗೆ ಹೆದರಿಕೆಗಿಂತ ಮೊದಲು ಅಯ್ಯೋ ಅನ್ನಿಸಿತು. ಇಷ್ಟು ಸವೆದುಹೋಗಿದ್ದೆನಾ ನಾನು ಅಂತ.

ನೇರಳೆ ಸೀರೆಯವಳು ಒಂದು ಶೀಟು ಬಿಡಿಸಿದಳು. ಎರಡು ಮೂಲೆ ತಾನು ಹಿಡಿದು, ಎರಡು ಮೂಲೆ ಮೇಜಿನ ಮೇಲೆ ಬಿಟ್ಟು ಕಾದಳು. ಮಾರಮ್ಮ ಹೋಗಿ ಆ ಎರಡನ್ನು ಎತ್ತಿಕೊಂಡಳು. ಇಬ್ಬರೂ ಒಟ್ಟಿಗೆ ಕೊಡವಿದರು, ಒಟ್ಟಿಗೆ ಎಳೆದರು, ಒಟ್ಟಿಗೆ ಮಡಚಿದರು. ಒಬ್ಬರ ಕೈ ಇನ್ನೊಬ್ಬರಿಗೆ ಕಾಯಬೇಕಾಗಲಿಲ್ಲ. ಬಟ್ಟೆ ಚಿಕ್ಕದಾಗುತ್ತಾ ಹತ್ತಿರ ಹತ್ತಿರ ಬಂದರು. ಬ್ಲೀಚಿಂಗಿನ ವಾಸನೆ, ಅದರಡಿಯಲ್ಲಿ ತನ್ನದೇ ಮೈಯ ಬೆವರಿನ ವಾಸನೆ. ಕೊನೆಯ ಮೂಲೆ ಉಳಿಯಿತು.

ಕೊಡು, ಹೋಗಿ ಬಾ ಅಂದಳು ಮಾರಮ್ಮ.

ಅವಳು ಕೊಡಲಿಲ್ಲ. ಮೂಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಮೊದಲ ಸಲ ತಲೆ ಎತ್ತಿ ನೋಡಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಬ್ಯಾಂಕಿನ ಕೌಂಟರಿನ ಮುಂದೆ ಹೆಸರು ಕರೆಯುವುದನ್ನು ಕಾಯುವವರ ಮುಖ ಇರುತ್ತದಲ್ಲ, ಹಾಗಿತ್ತು.

ಮಾರಮ್ಮನಿಗೆ ಅರ್ಥವಾಯಿತು. ಹನ್ನೊಂದು ವರ್ಷ ದುಡಿದವಳನ್ನು ತಾನೇ ಇಲ್ಲ ಅಂತ ಬರೆದುಕೊಟ್ಟಿದ್ದಳು. ನಿನ್ನೆ ಕತ್ರಿಗುಪ್ಪೆಯಲ್ಲಿ ಇನ್ನೊಂದು ಸಲ ಬರೆದುಕೊಡಲು ಹೊರಟಿದ್ದಳು. ಲೆಕ್ಕ ಆಗದವಳು ಗೇಟು ದಾಟಿ ಹೇಗೆ ಹೋಗುತ್ತಾಳೆ.

ಅವತ್ತು ಸಂಜೆ ಕಲ್ಯಾಣಿಯ ಕೈಲಿ ಅರ್ಜಿ ಬರೆಸಿದಳು, ಬೈಲಪ್ಪ ಹೇಳಿದ ಹಾಗೆ. ಸೇರಿದ ದಿನ, ಬಿಟ್ಟ ದಿನ, ನಡುವೆ ಎಲ್ಲೂ ಬಿಟ್ಟಿಲ್ಲ, ಗ್ರಾಚ್ಯುಟಿ ಕೊಡಿ. ಕೆಳಗೆ ಸಹಿ. ಬಿಟ್ಟ ಮೇಲೆ ಖಾತೆಗೆ ಬಂದಿರುವ ಸಂಬಳ ನನ್ನದಲ್ಲ, ವಾಪಸ್ ಕಟ್ಟುತ್ತೇನೆ ಅಂತಲೂ ಬರೆಸಿದಳು. ಬೈಲಪ್ಪ ಅದನ್ನು ಓದಿ, ಆ ದುಡ್ಡೂ ದುಡಿದವಳದೇ ಅಲ್ವೇನಮ್ಮ ಅಂದರು. ಮಾರಮ್ಮ, ಅವಳಿಗೆ ಬೇಕಾಗಿರೋದು ಅದಲ್ಲಣ್ಣ ಅಂದಳು.

ಅರ್ಜಿ ಏಜೆನ್ಸಿಗೆ ಹೋಯಿತು. ಒಂದು ಪ್ರತಿ ಸಮನ್ವಿತಾಳ ಮೇಜಿಗೆ. ಆ ಹುಡುಗಿ ಅದನ್ನು ಎರಡು ಸಲ ಓದಿದಳು. ಇದನ್ನ ಮೇಲಿನವರಿಗೆ ತೋರಿಸಿದರೆ ನಿಮಗೆ ಒಳ್ಳೆಯದಾಗಲ್ಲ ಮಾರಮ್ಮ, ನೀವು ಸಹಿ ಹಾಕಿದ ಕಾಗದ ಅವರ ಹತ್ತಿರ ಇದೆ ಅಂದಳು. ಗೊತ್ತು ಮೇಡಂ ಅಂದಳು ಮಾರಮ್ಮ. ಸಮನ್ವಿತಾ ತೋರಿಸಿದಳು. ತೋರಿಸುವುದರ ಜೊತೆಗೆ ಏಜೆನ್ಸಿಗೆ ತಾನೇ ಒಂದು ಪತ್ರವನ್ನೂ ಕಳಿಸಿದಳು: ನೀವು ಇದನ್ನು ತೀರಿಸದಿದ್ದರೆ ನಾವು ತೀರಿಸಬೇಕಾಗಿ ಬರಬಹುದು, ಅಲ್ಲಿಯತನಕ ನಿಮ್ಮ ಬಿಲ್ಲಿನಲ್ಲಿ ಅಷ್ಟನ್ನು ತಡೆಹಿಡಿಯುತ್ತೇವೆ ಅಂತ.

ಬಿಲ್ಲು ನಿಂತರೆ ಕರಿಬಸವಯ್ಯನಿಗೆ ಮಿಕ್ಕ ಆಳುಗಳಿಗೆ ಸಂಬಳ ಕೊಡುವುದೇ ಕಷ್ಟ. ಎರಡು ವಾರ ಕೂಗಾಡಿದರು, ನಿಯತ್ತಿಲ್ಲದವಳು ಅಂದರು, ಯುವರಾಜನ ಕೈಲಿ ಹೇಳಿಕಳಿಸಿದರು. ಕೊನೆಗೆ ಒಂದು ಮಧ್ಯಾಹ್ನ ಯುವರಾಜನೇ ಮೇಲೆ ಲಿನನ್ ಸ್ಟೋರಿಗೆ ಬಂದು, ಅಕ್ಕ, ಆಯ್ತು, ನೀವು ಬಿಟ್ಟ ತಾರೀಖು ಹಾಕಿದ್ರು, ದುಡ್ಡೂ ಖಾತೆಗೆ ಹಾಕಿದ್ರು ಅಂದ. ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಕೆಳಗೆ ಬನ್ನಿ ಅಂದ. ಅವಳು ಅವನ ಹಿಂದೆಯೇ ಇಳಿದಳು.

ಲಾಂಡ್ರಿಯಲ್ಲಿ ಎಲ್ಲ ಮೆಷಿನ್ನುಗಳೂ ನಿಂತಿದ್ದವು. ಕರೆಂಟು ಹೋಗಿರಲಿಲ್ಲ, ದೀಪಗಳು ಉರಿಯುತ್ತಿದ್ದವು. ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸುಧಾಮಣಿ ಒಂದು ಸಲ ಬಾಗಿಲಲ್ಲಿ ನಿಂತ ಮಾರಮ್ಮನನ್ನು, ಒಂದು ಸಲ ಮೇಜಿನ ಹತ್ತಿರ ನಿಂತ ಮಾರಮ್ಮನನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು. ಮೇಜಿನ ಹತ್ತಿರದವಳ ಕೈಯಲ್ಲಿ ಅವತ್ತಿನ ಆ ಶೀಟು ಹಾಗೇ ಇತ್ತು, ಕೊನೆಯ ಮೂಲೆ ಎದೆಗೊತ್ತಿಕೊಂಡು.

ಮಾರಮ್ಮ ಎದುರಿಗೆ ಹೋಗಿ ನಿಂತಳು.

"ಹನ್ನೊಂದು ವರ್ಷ ನಾನೇ ಕಣೆ ದುಡಿದಿದ್ದು" ಅಂದಳು. "ಇಲ್ಲ ಅಂದಿದ್ದು ತಪ್ಪು."

ಬೆಳ್ಳಗಿನ ಬೆರಳುಗಳು ನಿಧಾನವಾಗಿ ಮುಂದೆ ಬಂದವು. ಮೂಲೆಯನ್ನು ಮಾರಮ್ಮನ ಕೈಗಿಟ್ಟವು. ತುಟಿ ಅಲುಗಿತು, ದನಿ ಬಂದದ್ದು ಮಾತ್ರ ಮಾರಮ್ಮನ ಗಂಟಲಿನಿಂದಲೇ: ನನ್ನ ಪಾಲು ಮುಗೀತು. ಮುಗೀತು, ಹೋಗಿ ಬಾ ಅಂದವಳೂ ಅವಳೇ. ಮೂಲೆ ಒಳಕ್ಕೆ ಸಿಕ್ಕಿಸಿ ತಲೆ ಎತ್ತಿದಾಗ ಎದುರಿಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಹಸಿರು ದಾರದ ಕಾರ್ಡು ಬಿದ್ದಿತ್ತು. ಮೆಷಿನ್ನುಗಳು ತಾವಾಗಿ ತಿರುಗತೊಡಗಿದವು. ಮೇಲೆ ಹಿಂದಿನ ಗೇಟಿನ ಮೆಷಿನ್ನಿನಲ್ಲಿ, ಅಷ್ಟು ತಿಂಗಳಲ್ಲಿ ಮೊದಲ ಸಲ, ಮಾರಮ್ಮ ಹೊರಗೆ ಹೋದಳು ಅಂತ ದಾಖಲಾಯಿತು.

ಮುಂದಿನ ತಿಂಗಳ ಕೊನೆಗೆ ಪ್ರೊಬೇಷನ್ ಮುಗಿಯಿತು. ಮೇಲಿನವರು ಕಾಯಂ ಮಾಡಲಿಲ್ಲ, ತೆಗೆದೂ ಹಾಕಲಿಲ್ಲ. ಇನ್ನು ಮೂರು ತಿಂಗಳು ನೋಡುತ್ತೇವೆ ಅಂತ ಪತ್ರ ಕೊಟ್ಟರು. ಕೊಡುವಾಗ ಸಮನ್ವಿತಾ ತಲೆ ತಗ್ಗಿಸಿದ್ದಳು, ಇಷ್ಟೇ ನನ್ನ ಕೈಲಾಗಿದ್ದು ಅಂದಳು. ಕಾಯ್ತೀನಿ ಮೇಡಂ, ಕಾದು ಅಭ್ಯಾಸ ಇದೆ ಅಂದಳು ಮಾರಮ್ಮ. ಲಾಂಡ್ರಿಯಿಂದ ಬರುವ ಶೀಟುಗಳಲ್ಲಿ ಮೂಲೆ ಸಿಕ್ಕಿಸಿದ್ದು ಆಮೇಲೆ ಒಂದೂ ಕಾಣಲಿಲ್ಲ. ಅದಕ್ಕೆ ಅವಳಿಗೆ ಸಮಾಧಾನವಾಗಬೇಕಿತ್ತು. ಒಂದು ಥರ ಬಿಕೋ ಅನ್ನಿಸಿತು.

ಪತ್ರ ಸಿಕ್ಕ ಸಂಜೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಹೊಸಕೆರೆಹಳ್ಳಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಊಟದ ಡಬ್ಬಿಯ ಚೀಲ ಇಟ್ಟಳು. ಬಸ್ಸು ತುಂಬಿತು. ಜನ ನಿಂತುಕೊಂಡರು, ಆದರೆ ಆ ಸೀಟು ಖಾಲಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಚೀಲ ನೋಡಿದರೆ ಅದು ಅವಳ ತೊಡೆಯ ಮೇಲಿತ್ತು. ಯಾವಾಗ ಎತ್ತಿಕೊಂಡಳೋ ಗೊತ್ತಾಗಲಿಲ್ಲ.

ಕಂಡಕ್ಟರ್ ಬಂದ. ಎಲ್ಲಿಗಮ್ಮ ಅಂದ. ಹೊಸಕೆರೆಹಳ್ಳಿ ಅಂದಳು. ಅವನು ಅವಳನ್ನು ನೋಡಿದ, ಅವಳ ಪಕ್ಕ ನೋಡಿದ, ಎರಡು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಮಾರಮ್ಮ ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು, ಪಕ್ಕದವಳ ಸೊಂಟಕ್ಕೆ ನೋವಾಗದ ಹಾಗೆ ಸ್ವಲ್ಪ ಕಿಟಕಿ ಕಡೆಗೆ ಸರಿದು ಜಾಗ ಬಿಟ್ಟಳು.